ಹೆಬ್ಬೆರಳಿನ ಸ್ಟೇರಿಂಗ್: ರೇಸಿಂಗ್ ಗೇಮ್‌ಗೆ ಗೇಮ್‌ಪ್ಯಾಡ್ ಹೊಂದಿಸುವಾಗ ಯಾವುದು ಆರಿಸಬೇಕು?

ಮಾಮೂಲಿ ಕಾರಿನ ಸ್ಟೇರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಎರಡೂವರೆ, ಮೂರು ಸುತ್ತು ತಿರುಗುತ್ತದೆ. ಗೇಮ್‌ಪ್ಯಾಡ್‌ನ ಸ್ಟಿಕ್ ನಡುವಿನಿಂದ ಅಂಚಿಗೆ ಹೋಗುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು. ಅಷ್ಟೂ ತಿರುಗಾಟವನ್ನು ಈ ಚಿಕ್ಕ ಜಾಗದಲ್ಲೇ ಮಾಡಬೇಕು. ಲೀನಿಯಾರಿಟಿ, ಸ್ಯಾಚುರೇಶನ್, ಡೆಡ್‌ಝೋನ್ ಅಂತ ಮೆನುವಿನಲ್ಲಿ ಸಾಲಾಗಿ ನಿಂತಿರುವ ಸೆಟ್ಟಿಂಗ್‌ಗಳೆಲ್ಲ ಈ ಜಾಗವನ್ನು ಹೇಗೆ ಹಂಚಬೇಕು ಅನ್ನುವುದಕ್ಕೇ ಇವೆ.

ಉದಾಹರಣೆಗೆ ಕೋಡ್‌ಮಾಸ್ಟರ್ಸ್‌ನ ಎಫ್1 ಗೇಮ್‌ಗಳನ್ನು ತೆಗೆದುಕೊಳ್ಳುತ್ತೇನೆ. ಸ್ಟೇರಿಂಗ್, ಆಕ್ಸಿಲರೇಟರ್, ಬ್ರೇಕ್ ಮೂರಕ್ಕೂ ಬೇರೆ ಬೇರೆಯಾಗಿ ಡೆಡ್‌ಝೋನ್, ಲೀನಿಯಾರಿಟಿ, ಸ್ಯಾಚುರೇಶನ್ ಕೊಟ್ಟಿರುವುದರಿಂದ ಹೋಲಿಸಿ ನೋಡಲು ಇದು ಅನುಕೂಲ. ಫೋರ್ಜಾ ಆಡುವವರಿಗೂ, ಅಸೆಟ್ಟೊ ಕೊರ್ಸಾ ಆಡುವವರಿಗೂ ಇದೇ ಲೆಕ್ಕ ನಡೆಯುತ್ತದೆ, ಹೆಸರು ಮಾತ್ರ ಬೇರೆ. ಅಸೆಟ್ಟೊ ಕೊರ್ಸಾದಲ್ಲಿ ಲೀನಿಯಾರಿಟಿಯ ಕೆಲಸ ಮಾಡುವುದು ಗ್ಯಾಮಾ.

ನೇರ ಗೆರೆಯೋ, ಬಾಗಿದ ಗೆರೆಯೋ?

Steering Linearity ಸೊನ್ನೆಯಲ್ಲಿದ್ದರೆ ಸ್ಟಿಕ್ ಎಷ್ಟೋ ಚಕ್ರವೂ ಅಷ್ಟೇ. ಸ್ಟಿಕ್ ಅರ್ಧ ತಳ್ಳಿದರೆ ಸ್ಟೇರಿಂಗ್ ಅರ್ಧ. ಇದನ್ನು ಏರಿಸುತ್ತ ಹೋದರೆ ಗೆರೆ ಬಾಗುತ್ತದೆ: ನಡುವಿನಲ್ಲಿ ಸ್ಟೇರಿಂಗ್ ಮಂದವಾಗುತ್ತದೆ, ಅಂಚಿನ ಹತ್ತಿರ ಚುರುಕಾಗುತ್ತದೆ.

"ಲೀನಿಯಾರಿಟಿ ಜಾಸ್ತಿ ಮಾಡಿ, ಕಂಟ್ರೋಲ್ ಚೆನ್ನಾಗಿ ಬರುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಇದು ಅರ್ಧ ಮಾತ್ರ ನಿಜ. ಲೆಕ್ಕ ಹಾಕಿ ನೋಡೋಣ. ಗೇಮ್ ಒಳಗೆ ಬಳಸುವ ಸೂತ್ರ ಇದೇ ಆಗಿರಬೇಕೆಂದಿಲ್ಲ. ಪ್ಯಾಡ್‌ಗೆ ವೇಗದ ಮೇಲೆ ಸ್ಟೇರಿಂಗ್ ಕಡಿಮೆ ಮಾಡುವಂಥ ಸಹಾಯಗಳನ್ನೂ ಗೇಮ್‌ಗಳು ಸೇರಿಸಿರುತ್ತವೆ. ಆದರೆ ಬಾಗಿದ ಗೆರೆಯ ಗುಣ ತಿಳಿಯಲು ಇಷ್ಟು ಸಾಕು. ಇಲ್ಲಿ g ಅಂದರೆ ಗೆರೆ ಎಷ್ಟು ಬಾಗಿದೆ ಅನ್ನುವ ಸಂಖ್ಯೆ, 1 ಇದ್ದರೆ ನೇರ:

```
steer = stick ^ g
g = 1 : 0.20 -> 0.20   0.50 -> 0.50   0.80 -> 0.80
g = 2 : 0.20 -> 0.04   0.50 -> 0.25   0.80 -> 0.64
```

ಮೊದಲು ನೇರ ರಸ್ತೆ. ಅಲ್ಲಿ ನಿಮಗೆ ಬೇಕಿರುವುದು ಶೇ. 2ರಿಂದ 10ರಷ್ಟು ಸ್ಟೇರಿಂಗ್, ಗಾಡಿಯನ್ನು ಸಾಲಿನಲ್ಲಿ ಇಟ್ಟುಕೊಳ್ಳುವಷ್ಟು. ನೇರ ಗೆರೆಯಲ್ಲಿ ಇದಕ್ಕೆ ಸಿಗುವುದು ಸ್ಟಿಕ್‌ನ ಶೇ. 8ರಷ್ಟು ಜಾಗ. g = 2 ಇದ್ದರೆ ಸ್ಟಿಕ್ ಶೇ. 14ರಿಂದ 32ರವರೆಗೆ ಹೋಗಬೇಕು, ಅಂದರೆ ಶೇ. 18ರಷ್ಟು ಜಾಗ. ಎರಡು ಪಟ್ಟಿಗಿಂತ ಜಾಸ್ತಿ. ಗಾಡಿ ಹಾವಿನ ಹಾಗೆ ಅತ್ತಿತ್ತ ಆಡುವುದು ಇಲ್ಲಿ ನಿಲ್ಲುತ್ತದೆ.

ಈಗ ಜಪಾನಿನ ಸುಜುಕಾಗೆ ಬನ್ನಿ. ಮೊದಲ ಭಾಗದಲ್ಲೇ ಎಡ ಬಲ ಎಡ ಬಲ ಅಂತ ಎಸ್ ತಿರುವುಗಳು. ಲೀನಿಯಾರಿಟಿಯನ್ನು ಇಂಥ ತಿರುವಿಗಾಗಿಯೇ ಏರಿಸಬೇಕು ಅಂತ ನಾನೂ ಬಹಳ ದಿನ ನಂಬಿದ್ದೆ. ಅಲ್ಲಿ ಒಂದು ಬದಿಗೆ ಶೇ. 25ರಷ್ಟು ತಿರುಗಿಸಿಕೊಂಡು, ಕೂಡಲೇ ಇನ್ನೊಂದು ಬದಿಗೆ ಶೇ. 25ಕ್ಕೆ ಹೋಗಬೇಕು ಅಂದುಕೊಳ್ಳಿ. ನೇರ ಗೆರೆಯಲ್ಲಿ ಹೆಬ್ಬೆರಳು ಎಡಕ್ಕೆ ಕಾಲು ಭಾಗದಿಂದ ಬಲಕ್ಕೆ ಕಾಲು ಭಾಗಕ್ಕೆ ಹೋದರೆ ಸಾಕು. g = 2 ಇದ್ದರೆ ಎಡಕ್ಕೆ ಅರ್ಧದಿಂದ ಬಲಕ್ಕೆ ಅರ್ಧದವರೆಗೆ ಹೋಗಬೇಕು. ಅದೇ ಹೊತ್ತಿನಲ್ಲಿ ಎರಡು ಪಟ್ಟು ದೂರ! ಸಾಲದ್ದಕ್ಕೆ ನಡುವಿನ ಮಂದ ಜಾಗವನ್ನು ದಾಟುವಾಗ ಗಾಡಿ ಏನೂ ಮಾಡದೆ ಒಂದು ಕ್ಷಣ ಸುಮ್ನೆ ಇರುತ್ತದೆ. ಆಗ ನಾವು ಇನ್ನಷ್ಟು ತಳ್ಳುತ್ತೇವೆ. ಆ ಹೊತ್ತಿಗೆ ಸ್ಟಿಕ್ ಚುರುಕಾದ ಭಾಗಕ್ಕೆ ಬಂದಿರುತ್ತದೆ, ಮೂತಿ ಒಮ್ಮೆಗೇ ಒಳಗೆ ನುಗ್ಗುತ್ತದೆ.

ಒಂದು ಬದಿಯಲ್ಲೇ ಶೇ. 20ರಿಂದ 35ರವರೆಗೆ ನಾಜೂಕಾಗಿ ಹಿಡಿದಿಡುವ ಉದ್ದನೆಯ ತಿರುವಿದ್ದರೆ? ನೇರ ಗೆರೆಯಲ್ಲಿ ಸಿಗುವುದು ಶೇ. 15ರಷ್ಟು ಜಾಗ, ಬಾಗಿದ ಗೆರೆಯಲ್ಲಿ ಶೇ. 14.4. ಲಾಭವೂ ಇಲ್ಲ, ನಷ್ಟವೂ ಇಲ್ಲ. ಬಾಗಿದ ಗೆರೆ ಹೊಸದಾಗಿ ಜಾಗ ಹುಟ್ಟಿಸುವುದಿಲ್ಲ. ಅಂಚಿನಿಂದ ಕಿತ್ತು ನಡುವಿಗೆ ಕೊಡುತ್ತದೆ, ಅಷ್ಟೇ.

ಹಾಗಾದರೆ ಯಾರಿಗೆ ಯಾವುದು? ನಿಮ್ಮ ತೊಂದರೆ ನೇರ ರಸ್ತೆಯಲ್ಲೋ ಪೂರ್ತಿ ವೇಗದ ಸಣ್ಣ ಬಾಗಿನಲ್ಲೋ ಇದ್ದರೆ ಲೀನಿಯಾರಿಟಿ ಏರಿಸಿ. ಶಿಕೇನ್‌ನಂಥ ಎಡ-ಬಲದ ಬಿಗಿ ತಿರುವಿನಲ್ಲಿ, ಎಸ್ ತಿರುವಿನಲ್ಲಿ ಗಾಡಿ ತಡವಾಗಿ ಮಾತು ಕೇಳುತ್ತಿದ್ದರೆ ಇಳಿಸಿ. ಒಂದು ಸಲಕ್ಕೆ 10ರಂತೆ ಬದಲಿಸಿ, ಐದು ಸುತ್ತು ಓಡಿಸಿ, ಆಮೇಲೆ ತೀರ್ಮಾನ ಮಾಡಿ. ನಾನು 20ರಲ್ಲಿ ನಿಂತಿದ್ದೇನೆ. 50 ದಾಟಿಸಿದವರು ಸಾಮಾನ್ಯವಾಗಿ ಬೇರೆ ಯಾವುದೋ ರೋಗಕ್ಕೆ ಈ ಮದ್ದು ಕುಡಿಯುತ್ತಿರುತ್ತಾರೆ. ಹೆಚ್ಚಿನ ಸಲ ಅದು ಡೆಡ್‌ಝೋನ್.

ಬೇರೆ ಗೇಮ್‌ಗೆ ಹೋದಾಗ ಈ ಸಂಖ್ಯೆಯನ್ನು ಹಾಗೇ ಎತ್ತಿಕೊಂಡು ಹೋಗಬೇಡಿ. ಫೋರ್ಜಾದಲ್ಲಿ 50 ಅನ್ನುವುದು ನಡುವಿನ ಬೆಲೆ, ಎಫ್1ನಲ್ಲಿ ನೇರ ಗೆರೆ ಸೊನ್ನೆಯಲ್ಲಿದೆ. ಗುರುತು ಹಿಡಿಯುವುದು ಸುಲಭ. ಕಾಕ್‌ಪಿಟ್ ಕ್ಯಾಮೆರಾ ಹಾಕಿ, ಗಾಡಿ ನಿಲ್ಲಿಸಿ, ಸ್ಟಿಕ್ ಅರ್ಧಕ್ಕೆ ತಳ್ಳಿ ಹಿಡಿಯಿರಿ. ಪರದೆಯ ಮೇಲಿನ ಸ್ಟೇರಿಂಗ್ ಎಷ್ಟು ತಿರುಗಿತು ನೋಡಿ. ಸಂಖ್ಯೆ ಬದಲಿಸಿ ಮತ್ತೆ ನೋಡಿ. ಯಾವ ಕಡೆಗೆ ಹೋದರೆ ಮಂದ ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಸ್ಟೇರಿಂಗ್‌ನ ಪ್ಲೇ, ಮತ್ತು ಹೆಬ್ಬೆರಳು ಬರೆಯುವ ಬಿಲ್ಲು

ಹಳೇ ಲಾರಿ ಓಡಿಸುವವರು "ಸ್ಟೇರಿಂಗ್‌ನಲ್ಲಿ ಪ್ಲೇ ಜಾಸ್ತಿ ಇದೆ" ಅನ್ನುತ್ತಾರಲ್ವಾ, ಡೆಡ್‌ಝೋನ್ ಅಂದರೆ ನಾವೇ ಬೇಕೆಂದು ಇಟ್ಟುಕೊಳ್ಳುವ ಪ್ಲೇ. ಸ್ಟಿಕ್ ಬಿಟ್ಟಾಗ ಅದು ಸರಿಯಾಗಿ ಸೊನ್ನೆಗೆ ಬರುವುದಿಲ್ಲ, ಅಲ್ಪಸ್ವಲ್ಪ ಅತ್ತಿತ್ತ ನಿಲ್ಲುತ್ತದೆ. ಅದನ್ನು ಗೇಮ್ ಲೆಕ್ಕಕ್ಕೆ ತೆಗೆದುಕೊಳ್ಳದಿರಲಿ ಅಂತ ಈ ಸೆಟ್ಟಿಂಗ್. ಮೈಕ್ರೋಸಾಫ್ಟ್‌ನ ಎಕ್ಸ್‌ಇನ್‌ಪುಟ್ ವ್ಯವಸ್ಥೆಯಲ್ಲಿ ಸ್ಟಿಕ್‌ನ ಅಳತೆ ಒಂದು ಬದಿಗೆ 32767ರವರೆಗೆ ಹೋಗುತ್ತದೆ. ಎಡ ಸ್ಟಿಕ್‌ಗೆ ಅವರೇ ಕೊಟ್ಟಿರುವ ಡೆಡ್‌ಝೋನ್ 7849, ಅಂದರೆ ಹತ್ತಿರ ಹತ್ತಿರ ಕಾಲು ಭಾಗ! ಓಡಾಡುವ, ಗುಂಡು ಹೊಡೆಯುವ ಗೇಮ್‌ಗೆ ಅದು ನಡೆಯಬಹುದು. ರೇಸಿಂಗ್‌ಗೆ ಅಷ್ಟು ಪ್ಲೇ ಇದ್ದರೆ ಮುಗಿಯಿತು.

ಸೊನ್ನೆಯಿಂದ ಶುರು ಮಾಡಿ. ಸ್ಟಿಕ್‌ನಿಂದ ಬೆರಳು ತೆಗೆದು ನೇರ ರಸ್ತೆಯಲ್ಲಿ ಓಡಿಸಿ. ಗಾಡಿ ತಾನಾಗಿ ಒಂದು ಕಡೆ ಎಳೆದರೆ ಒಂದೊಂದೇ ಏರಿಸಿ, ಎಳೆಯುವುದು ನಿಂತ ಕಡೆ ಬಿಡಿ. ಹೊಸ ಪ್ಯಾಡ್‌ನಲ್ಲಿ ಇದು ಬಹಳ ಚಿಕ್ಕ ಸಂಖ್ಯೆಯಲ್ಲೇ ಮುಗಿಯಬೇಕು. 15 ದಾಟಿದ ಮೇಲೂ ಎಳೆಯುತ್ತಿದ್ದರೆ ಸ್ಟಿಕ್ ಸವೆದಿದೆ. ಅದನ್ನು ಯಾವ ಸೆಟ್ಟಿಂಗೂ ಉಳಿಸುವುದಿಲ್ಲ.

Steering Saturation ಇನ್ನೊಂದು ತುದಿಯ ಮಾತು. ಇದನ್ನು ಏರಿಸಿದಷ್ಟೂ ಸ್ಟಿಕ್ ಅಂಚು ಮುಟ್ಟುವ ಮೊದಲೇ ಸ್ಟೇರಿಂಗ್ ಪೂರ್ತಿ ತಿರುಗಿರುತ್ತದೆ. ಇದು ಯಾಕೆ ಬೇಕು ಅಂತ ಮೊನಾಕೊದ ಹೇರ್‌ಪಿನ್‌ನಲ್ಲಿ ತಿಳಿಯುತ್ತದೆ. ಎಫ್1ನಲ್ಲೇ ಎಲ್ಲಕ್ಕಿಂತ ನಿಧಾನದ ತಿರುವು ಅದು. ನಿಜವಾದ ತಂಡಗಳೂ ಅದಕ್ಕಾಗಿಯೇ ಗಾಡಿಯ ಸ್ಟೇರಿಂಗ್ ಜಾಸ್ತಿ ತಿರುಗುವ ಹಾಗೆ ಮಾಡಿಕೊಳ್ಳುತ್ತವೆ. ಅಲ್ಲಿ ಸ್ಟಿಕ್ ಪೂರ್ತಿ ತಳ್ಳಿದರೂ ನನ್ನ ಗಾಡಿ ಗೋಡೆಗೇ ಹೋಗುತ್ತಿತ್ತು. ತಪ್ಪು ನನ್ನ ಹೆಬ್ಬೆರಳಿನದು. ಬೆರಳು ಬುಡದಿಂದ ತಿರುಗುವುದರಿಂದ ಅದು ನೇರ ಗೆರೆ ಎಳೆಯುವುದಿಲ್ಲ, ಬಿಲ್ಲಿನ ಹಾಗೆ ಬಾಗಿ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಸ್ಟಿಕ್ ಅಂಚು ಮುಟ್ಟಿದ್ದರೂ ಅಡ್ಡ ಸಾಲಿನಿಂದ 30 ಡಿಗ್ರಿ ಮೇಲಿದ್ದರೆ ಗೇಮ್‌ಗೆ ಸಿಗುವ ಅಡ್ಡ ಅಳತೆ ಶೇ. 87 ಮಾತ್ರ. 45 ಡಿಗ್ರಿ ಆದರೆ ಶೇ. 71. ನೀವು ಪೂರ್ತಿ ತಿರುಗಿಸಿದ್ದೀರಿ, ಗಾಡಿ ಪೂರ್ತಿ ತಿರುಗಿಲ್ಲ.

ಇದಕ್ಕೆ ಎರಡು ದಾರಿ. ಸ್ಯಾಚುರೇಶನ್ 10ರ ಆಸುಪಾಸಿಗೆ ಏರಿಸುವುದು ಒಂದು, ಬೆರಳನ್ನು ತಿದ್ದಿಕೊಳ್ಳುವುದು ಇನ್ನೊಂದು. ಏರಿಸಿದರೆ ಮಿಕ್ಕ ಎಲ್ಲ ತಿರುವಿನಲ್ಲೂ ಸ್ಟೇರಿಂಗ್ ಸ್ವಲ್ಪ ಚುರುಕಾಗುತ್ತದೆ, ಅದು ಅದರ ಬೆಲೆ. ನಾನು ಮೊದಲನೆಯದನ್ನೇ ಮಾಡಿದೆ. ವಯಸ್ಸಾದ ಬೆರಳು, ಈಗ ಪಾಠ ಕಲಿಯುವುದಿಲ್ಲ.

ಟ್ರಿಗರ್: ಮೊಂಜಾದ ಮೊದಲ ಬ್ರೇಕ್

ನನ್ನ ಅನುಭವದಲ್ಲಿ ಸಮಯ ಜಾಸ್ತಿ ಕಳೆಯುವುದು ಸ್ಟೇರಿಂಗ್‌ನಲ್ಲಲ್ಲ, ಎಡ ಟ್ರಿಗರ್‌ನಲ್ಲಿ. ಇಟಲಿಯ ಮೊಂಜಾದಲ್ಲಿ ಉದ್ದನೆಯ ನೇರ ರಸ್ತೆ ಮುಗಿದಾಗ ವೇಗ ಗಂಟೆಗೆ 330 ಕಿ.ಮೀ. ದಾಟಿರುತ್ತದೆ. ಮುಂದಿನ ಶಿಕೇನ್‌ಗೆ ಅದು 80ರ ಆಸುಪಾಸಿಗೆ ಇಳಿಯಬೇಕು. ಎಬಿಎಸ್ ಸಹಾಯ ಆಫ್ ಮಾಡಿದವರ ಮುಂಚಕ್ರ ಇಲ್ಲೇ ಲಾಕ್ ಆಗುವುದು.

ಯಾವಾಗ ಲಾಕ್ ಆಗುತ್ತದೆ ನೋಡಿ. ಬ್ರೇಕ್ ಹಿಡಿದ ಕೂಡಲೇ ಅಲ್ಲ. 330ರಲ್ಲಿ ಗಾಳಿ ಗಾಡಿಯನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತದೆ, ಟೈರ್ ಎಷ್ಟು ಬ್ರೇಕ್ ಕೊಟ್ಟರೂ ತಡೆದುಕೊಳ್ಳುತ್ತದೆ. ವೇಗ ಇಳಿದ ಹಾಗೆ ಆ ಒತ್ತಡ ಕಡಿಮೆಯಾಗುತ್ತದೆ. 150ರ ಹತ್ತಿರ ಬಂದಾಗಲೂ ನೀವು ಅಷ್ಟೇ ಬ್ರೇಕ್ ಒತ್ತಿದ್ದರೆ ಚಕ್ರ ನಿಲ್ಲುತ್ತದೆ. ಹಾಗಾಗಿ ಮೊದಲು ಪೂರ್ತಿ ಒತ್ತುವುದು, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡುತ್ತ ಬರುವುದು. ಆ ಬಿಡುವ ಕೆಲಸ ನಾಜೂಕಾಗಿರಬೇಕು.

ಇಲ್ಲಿ Brake Linearity ಏರಿಸಬೇಕೋ ಬೇಡವೋ? ಅದೇ g = 2 ಲೆಕ್ಕ ಹಾಕಿ. ಟ್ರಿಗರ್ ಶೇ. 100ರಿಂದ 90ಕ್ಕೆ ಬಿಟ್ಟರೆ ಬ್ರೇಕ್ ಒಮ್ಮೆಗೇ 81ಕ್ಕೆ ಬೀಳುತ್ತದೆ. ಅಂದರೆ ಇನ್ನೂ ಗಟ್ಟಿಯಾಗಿ ಬ್ರೇಕ್ ಬೇಕಿರುವಾಗಲೇ ಬೆರಳು ಸ್ವಲ್ಪ ಸಡಿಲವಾದರೂ ಬ್ರೇಕ್ ಜಾಸ್ತಿ ಹೋಗಿಬಿಡುತ್ತದೆ, ಗಾಡಿ ಶಿಕೇನ್ ದಾಟಿ ಆಚೆ ಹೋಗುತ್ತದೆ. ಕೊನೆಯಲ್ಲಿ, ಶೇ. 10ರಿಂದ ಸೊನ್ನೆಗೆ ಬಿಡುವಾಗ ಮಾತ್ರ ಬಹಳ ನಾಜೂಕು. ಬ್ರೇಕ್ ಬಿಡುತ್ತಲೇ ತಿರುಗಿಸಿಕೊಂಡು ಒಳಗೆ ಹೋಗುವ ಅಭ್ಯಾಸ ಇದ್ದವರಿಗೆ ಅದು ಇಷ್ಟವಾಗಬಹುದು. ಉಳಿದವರು ಬ್ರೇಕನ್ನು ಸೊನ್ನೆಯಲ್ಲೋ 10ರ ಒಳಗೋ ಇಟ್ಟುಕೊಳ್ಳುವುದೇ ಒಳ್ಳೆಯದು.

ಲಾಕ್ ಆಗುವುದಕ್ಕೆ ಇದಕ್ಕಿಂತ ಒಳ್ಳೆ ಮದ್ದು ಕಂಟ್ರೋಲರ್ ಮೆನುವಿನಲ್ಲಿ ಇಲ್ಲ, ಗಾಡಿಯ ಸೆಟಪ್‌ನಲ್ಲಿದೆ: ಬ್ರೇಕ್ ಪ್ರೆಶರ್. ಅದನ್ನು ಸ್ವಲ್ಪ ಇಳಿಸಿದರೆ ಟ್ರಿಗರ್ ಪೂರ್ತಿ ಒತ್ತಿದಾಗ ಬರುವ ಬ್ರೇಕೇ ಕಡಿಮೆ. ಟ್ರಿಗರ್‌ನ ಪೂರ್ತಿ ಓಟ ಉಪಯೋಗಕ್ಕೆ ಬರುತ್ತದೆ, ಲಾಕ್ ಆಗುವ ಜಾಗ ಬೆರಳಿನ ತುದಿಗೆ ಸರಿಯುತ್ತದೆ. ನಿಲ್ಲಿಸಲು ಕೆಲವು ಮೀಟರ್ ಜಾಸ್ತಿ ಬೇಕಾಗಬಹುದು. ಆದರೆ ಲಾಕ್ ಆಗಿ ಟೈರ್ ಸವೆಸಿಕೊಂಡು ಸುತ್ತಿಡೀ ಒದ್ದಾಡುವುದಕ್ಕಿಂತ ಅದು ಅಗ್ಗ. ಮುಂಚಕ್ರಗಳಷ್ಟೇ ಲಾಕ್ ಆಗುತ್ತಿದ್ದರೆ, ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ಬ್ರೇಕ್ ಬಯಾಸನ್ನು ಒಂದೆರಡು ಅಂಕ ಹಿಂದಕ್ಕೆ ಸರಿಸಿ ನೋಡಿ.

ಬಲ ಟ್ರಿಗರ್‌ನ ಕಥೆ ತಿರುಗುಮುರುಗು. ಟ್ರ್ಯಾಕ್ಷನ್ ಕಂಟ್ರೋಲ್ ಪೂರ್ತಿ ಇದ್ದರೆ ಆಕ್ಸಿಲರೇಟರ್‌ಗೆ ಏನೂ ಮಾಡಬೇಕಿಲ್ಲ, ಒತ್ತಿ ಹಿಡಿಯಿರಿ. ಆಫ್ ಇದ್ದರೆ ತಿರುವಿನಿಂದ ಹೊರಬರುವಾಗ ಶುರುವಿನ ಮೂರನೇ ಒಂದು ಭಾಗದಲ್ಲೇ ಗಾಡಿ ಗಿರಕಿ ಹೊಡೆಯುವುದು. ಇಲ್ಲಿ ನಾಜೂಕು ಬೇಕಿರುವುದು ಕೆಳಗಡೆಯೇ. Throttle Linearity 20, 30ರವರೆಗೆ ಏರಿಸಿದರೆ ನಿಜವಾಗಿ ಲಾಭ ಇದೆ. ಬ್ರೇಕ್‌ಗೆ ಬೇಡ ಅಂದಿದ್ದು ಇಲ್ಲಿ ಬೇಕು. ಎರಡಕ್ಕೂ ಒಂದೇ ಸಂಖ್ಯೆ ಹಾಕುವವರು ಒಂದು ಕಡೆ ಗಳಿಸಿ ಇನ್ನೊಂದು ಕಡೆ ಕಳೆಯುತ್ತಾರೆ.

ಪರದೆಯ ಮೇಲಿನ ಎರಡು ಪಟ್ಟಿಗಳನ್ನು, ಆಕ್ಸಿಲರೇಟರ್ ಮತ್ತು ಬ್ರೇಕ್‌ನವನ್ನು, ಗಮನಿಸಿ. ಪೂರ್ತಿ ಒತ್ತಿದರೂ ಪಟ್ಟಿ ತುಂಬದಿದ್ದರೆ ಟ್ರಿಗರ್ ತುದಿ ಮುಟ್ಟುತ್ತಿಲ್ಲ, ಅದರ ಸ್ಯಾಚುರೇಶನ್ ಸ್ವಲ್ಪ ಏರಿಸಿ. ಬೆರಳು ಸುಮ್ನೆ ಇಟ್ಟಾಗಲೇ ಬ್ರೇಕ್ ಪಟ್ಟಿ ಮಿನುಗಿದರೆ ಡೆಡ್‌ಝೋನ್ ಏರಿಸಿ. ಇದನ್ನು ನೋಡದೆ "ಗಾಡಿ ಓಡ್ತಾನೇ ಇಲ್ಲ" ಅಂತ ಗಂಟೆಗಟ್ಟಲೆ ಸೆಟಪ್ ತಿದ್ದಿದವನು ನಾನೊಬ್ಬನೇ ಇರಲಾರೆ.

ನಡುಕ: ಪೂರ್ತಿಯೋ, ಸ್ವಲ್ಪವೋ, ಬೇಡವೋ?

ಸಾಮಾನ್ಯ ಪ್ಯಾಡ್‌ನಲ್ಲಿ ಎರಡು ಮೋಟಾರ್ ಇರುತ್ತವೆ. ಎಡಗಡೆಯದು ಭಾರ, ನಿಧಾನವಾಗಿ ಗುಡುಗುತ್ತದೆ. ಬಲಗಡೆಯದು ಹಗುರ, ಜೇನಿನ ಹಾಗೆ ಗುಂಯ್‌ಗುಡುತ್ತದೆ. ಪೂರ್ತಿ ಇಟ್ಟರೆ ರಸ್ತೆ ಅಂಚಿನ ಕರ್ಬ್, ಹುಲ್ಲು, ಡಿಕ್ಕಿ, ಚಕ್ರ ಜಾರುವುದು ಎಲ್ಲವೂ ಈ ಎರಡೇ ಮೋಟಾರಿನಲ್ಲಿ ಬರಬೇಕು. ಒಂದರ ಮೇಲೊಂದು ಬಿದ್ದು ಯಾವುದು ಏನು ಅಂತ ತಿಳಿಯುವುದಿಲ್ಲ. ಜೊತೆಗೆ ನಾಜೂಕಾಗಿ ಹಿಡಿದ ಹೆಬ್ಬೆರಳೂ ಅಲುಗುತ್ತದೆ.

ಪೂರ್ತಿ ಆಫ್ ಮಾಡುವವರೂ ಇದ್ದಾರೆ. ಟೈಮ್ ಟ್ರಯಲ್‌ನಲ್ಲಿ ಒಂದೇ ಸುತ್ತನ್ನು ನೂರು ಸಲ ಓಡಿಸುವವರಿಗೆ ಅದು ಸರಿ, ಅವರಿಗೆ ಎಲ್ಲಿ ಏನಾಗುತ್ತದೆಂದು ಮೊದಲೇ ಗೊತ್ತು. ಬ್ಯಾಟರಿಯೂ ಉಳಿಯುತ್ತದೆ. ಆದರೆ ಉದ್ದನೆಯ ರೇಸ್‌ನಲ್ಲಿ ಟೈರ್ ಸವೆಯುತ್ತ ಹೋದ ಹಾಗೆ ಹಿಡಿತ ಬದಲಾಗುತ್ತದೆ. ಅದನ್ನು ಕೈಗೆ ಹೇಳುವುದು ನಡುಕ ಒಂದೇ.

ನನ್ನ ಆಯ್ಕೆ ನಡುವಿನದು, ಆದರೆ ಎಲ್ಲವನ್ನೂ ಸಮನಾಗಿ ಇಳಿಸಿ ಅಲ್ಲ. ಎಫ್1 ಗೇಮ್‌ನಲ್ಲಿ On Track Effects, Rumble Strip Effects, Off Track Effects ಅಂತ ಬೇರೆ ಬೇರೆ ಇವೆ. ಹುಲ್ಲಿಗೆ ಇಳಿದಿದ್ದೀನಿ ಅಂತ ಕಣ್ಣಿಗೇ ಕಾಣುತ್ತದೆ, ಅದಕ್ಕೆ ನಡುಕ ಯಾಕೆ? ಹಾಗಾಗಿ ಕೊನೆಯದನ್ನು ಬಹಳ ಕಡಿಮೆ ಮಾಡಿದ್ದೇನೆ. ಕರ್ಬ್‌ನದು ಸ್ವಲ್ಪ ಇರಲಿ. ಕರ್ಬ್‌ನ ಗದ್ದಲ ಇಳಿದ ಮೇಲೆ ರಸ್ತೆಯ ಮೇಲಿನ ಸಣ್ಣ ಸುದ್ದಿ ತಾನಾಗಿ ಕೈಗೆ ಸಿಗುತ್ತದೆ. ನನ್ನ ತಮ್ಮ ಮಾತ್ರ ಎಲ್ಲವನ್ನೂ ನೂರಕ್ಕೇ ಇಟ್ಟು ಆಡುತ್ತಾನೆ. "ಇಲ್ಲಾಂದ್ರೆ ಮಜಾ ಎಲ್ಲಿದೆ ಅಣ್ಣ?" ಅಂತಾನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಎರಡು ಕಡೆ ಒಂದೇ ಮದ್ದು

ಪಿಸಿಯಲ್ಲಿ ಆಡುವವರು ಒಂದು ಗುಂಡಿಗೆ ಬೀಳುತ್ತಾರೆ. ಸ್ಟೀಮ್‌ನಲ್ಲೂ ಸ್ಟಿಕ್‌ನ ಕರ್ವ್, ಡೆಡ್‌ಝೋನ್ ಹೊಂದಿಸಬಹುದು, ಗೇಮ್‌ನಲ್ಲೂ ಹೊಂದಿಸಬಹುದು. ಎರಡೂ ಕಡೆ ಹಾಕಿದರೆ ಒಂದರ ಮೇಲೊಂದು ಕೂರುತ್ತದೆ. ಎರಡೂ ಕಡೆ ಶೇ. 10 ಡೆಡ್‌ಝೋನ್ ಇದ್ದರೆ ಸ್ಟಿಕ್ ಶೇ. 19 ದಾಟುವವರೆಗೆ ಗಾಡಿ ಅಲುಗುವುದಿಲ್ಲ. ಎರಡೂ ಕಡೆ g = 1.5 ಇದ್ದರೆ ಒಟ್ಟು 2.25, ಅರ್ಧ ಸ್ಟಿಕ್‌ಗೆ ಸಿಗುವುದು ಶೇ. 21 ಸ್ಟೇರಿಂಗ್. ಒಂದು ವಾರ ನಾನು ಹೀಗೇ ಓಡಿಸಿ, ಪ್ಯಾಡ್ ಹಾಳಾಗಿದೆ ಅಂತ ಬಿಚ್ಚಿ ಕೂತಿದ್ದೆ. ಸ್ಟೀಮ್ ಕಡೆ ಎಲ್ಲವನ್ನೂ ನೇರಕ್ಕೆ ಬಿಟ್ಟು ಗೇಮ್‌ನಲ್ಲಿ ಮಾತ್ರ ತಿದ್ದಿ.

ಯಾವ ಪ್ಯಾಡ್?

ರೇಸಿಂಗ್ ಒಂದನ್ನೇ ನೋಡಿದರೆ ಎಕ್ಸ್‌ಬಾಕ್ಸ್ ಪ್ಯಾಡ್ ತಲೆನೋವಿಲ್ಲದ ಆಯ್ಕೆ. ಪಿಸಿಯಲ್ಲಿ ಹೆಚ್ಚಿನ ಗೇಮ್‌ಗಳು ಅದನ್ನು ಕೂಡಲೇ ಗುರುತಿಸುತ್ತವೆ. 2013ರ ಎಕ್ಸ್‌ಬಾಕ್ಸ್ ಒನ್ ಕಾಲದಿಂದ ಟ್ರಿಗರ್ ಒಳಗೂ ಸಣ್ಣ ಮೋಟಾರ್ ಇದೆ. ಫೋರ್ಜಾದಂಥ ಗೇಮ್‌ನಲ್ಲಿ ಚಕ್ರ ಲಾಕ್ ಆದರೆ ಎಡ ಬೆರಳಿಗೆ, ಜಾರಿದರೆ ಬಲ ಬೆರಳಿಗೆ ಬೇರೆ ಬೇರೆಯಾಗಿ ತಿಳಿಯುತ್ತದೆ. ಆದರೆ ಗೇಮ್ ಅದಕ್ಕೆ ಬೆಂಬಲ ಕೊಟ್ಟಿರಬೇಕು.

2020ರಲ್ಲಿ ಬಂದ ಸೋನಿಯ ಡ್ಯುಯಲ್‌ಸೆನ್ಸ್‌ನ ಟ್ರಿಗರ್ ಬೆರಳಿಗೆ ಎದುರು ಒತ್ತುತ್ತದೆ. ಪ್ಲೇಸ್ಟೇಷನ್‌ನಲ್ಲಿ ಗ್ರ್ಯಾನ್ ಟುರಿಸ್ಮೊ 7 ಆಡುವುದಾದರೆ ಇದೇ ಸರಿ, ಬ್ರೇಕ್ ಒತ್ತುವಾಗ ಪೆಡಲ್ ತುಳಿದ ಹಾಗೆ ಗಟ್ಟಿ ಅನಿಸುತ್ತದೆ. ಪಿಸಿಯಲ್ಲಿ ಕೆಲವು ಗೇಮ್‌ಗಳಲ್ಲಿ ಮಾತ್ರ ಈ ಸವಲತ್ತು, ಅದೂ ಹೆಚ್ಚಾಗಿ ಯುಎಸ್‌ಬಿ ಕೇಬಲ್ ಹಾಕಿದಾಗ.

ಸ್ವಿಚ್ ಪ್ರೊ ಕಂಟ್ರೋಲರ್ ಎಷ್ಟೇ ಚೆನ್ನಾಗಿದ್ದರೂ ಇದಕ್ಕೆ ಬೇಡ. ಅದರ ಟ್ರಿಗರ್ ಬರೀ ಸ್ವಿಚ್: ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ಮೇಲೆ ಹೇಳಿದ ಬ್ರೇಕ್ ಬಿಡುವ ಕೆಲಸ ಅದರಲ್ಲಿ ಆಗುವುದೇ ಇಲ್ಲ. ದುಬಾರಿ ಪ್ಯಾಡ್‌ಗಳಲ್ಲಿ ಬರುವ ಟ್ರಿಗರ್ ಸ್ಟಾಪ್‌ನ ಕಥೆಯೂ ಅಷ್ಟೇ. ಅದು ಟ್ರಿಗರ್‌ನ ಓಟವನ್ನು ಮೊಟಕು ಮಾಡುತ್ತದೆ. ಶೂಟಿಂಗ್ ಗೇಮ್‌ಗೆ ವರ, ರೇಸ್‌ಗೆ ಬರುವಾಗ ಮರೆಯದೆ ತೆಗೆಯಿರಿ.

ಕಡಿಮೆ ಬೆಲೆಯ ಪ್ಯಾಡ್ ಅಥವಾ ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲಿ ವಿನ್ ಕೀ ಜೊತೆ ಆರ್ ಒತ್ತಿ, joy.cpl ಅಂತ ಟೈಪ್ ಮಾಡಿ, ಪ್ಯಾಡ್‌ನ ಪ್ರಾಪರ್ಟೀಸ್ ತೆರೆಯಿರಿ. ಸ್ಟಿಕ್ ಅನ್ನು ಪೂರ್ತಿ ಎಳೆದು ಫಟ್ಟನೆ ಬಿಡಿ, ಹತ್ತು ಸಲ. ಗುರುತು ಪ್ರತಿ ಸಲ ನಡುವಿನ ಹತ್ತಿರಕ್ಕೇ ಬರಬೇಕು. ಎಡದಿಂದ ಬಿಟ್ಟಾಗ ಒಂದು ಕಡೆ, ಬಲದಿಂದ ಬಿಟ್ಟಾಗ ಇನ್ನೊಂದು ಕಡೆ ದೂರದೂರ ನಿಂತರೆ ಬೇಡ ಅನ್ನಿ. ಎಕ್ಸ್‌ಬಾಕ್ಸ್ ಪ್ಯಾಡ್ ಆದರೆ ಈ ಕಿಟಕಿಯಲ್ಲಿ ಎರಡು ಟ್ರಿಗರ್ ಒಂದೇ ಪಟ್ಟಿಯಲ್ಲಿ ಕಾಣುತ್ತವೆ, ಎರಡನ್ನೂ ಒತ್ತಿದರೆ ಒಂದನ್ನೊಂದು ಕಳೆದುಕೊಳ್ಳುತ್ತವೆ. ಅದಕ್ಕೆ ಗಾಬರಿ ಬೇಡ, ಹಳೇ ಡೈರೆಕ್ಟ್‌ಇನ್‌ಪುಟ್ ರೀತಿಯಲ್ಲಿ ಅದು ಕಾಣುವುದೇ ಹಾಗೆ. ಆದರೆ ಗೇಮ್ ಒಳಗೆ ಹೋದಾಗಲೂ ಎರಡನ್ನೂ ಒಟ್ಟಿಗೆ ಒತ್ತಿದರೆ ಎರಡು ಪಟ್ಟಿಯೂ ಖಾಲಿ ಇದ್ದರೆ, ಪ್ಯಾಡ್‌ನಲ್ಲಿ ಎಕ್ಸ್‌ಇನ್‌ಪುಟ್ ಮೋಡ್‌ಗೆ ಬದಲಿಸುವ ಬಟನ್ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ಅಲ್ಲೇ ವಾಪಸ್ ಇಟ್ಟು ಬನ್ನಿ.